ಚಾಟ್ ಡಿಲೀಟ್ ಮಾಡಿಸೋ ಮೊದಲು ಕಾಪಿ ಕೇಳಿ: ಸುರತ್ಕಲ್‌ನ ಒಬ್ಬ ನರ್ಸ್‌ನ ಕೇಸು

ಕೇಸು ಸಣ್ಣದು, ಆದ್ರೆ ಚಾಟ್ ಡೇಟಾ ವಿಷಯದಲ್ಲಿ ಕಾನೂನು ಎಂತ ಕೊಡ್ತದೆ, ಎಲ್ಲಿಗೆ ನಿಲ್ತದೆ ಅಂತ ಇದರಲ್ಲಿ ಚೆನ್ನಾಗಿ ಕಾಣ್ತದೆ, ಹಾಗಾಗಿ ಪೂರ್ತಿ ಬರೀತಿದ್ದೇನೆ. ನನ್ನ ಚಿಕ್ಕಮ್ಮನ ಮಗಳು ಸುರತ್ಕಲ್‌ನವಳು, ಮಂಗಳೂರಲ್ಲಿ ನರ್ಸಿಂಗ್ ಮುಗಿಸಿ 2022ರಲ್ಲಿ ಜರ್ಮನಿಗೆ ಹೋದ್ಲು. ಅಲ್ಲಿ ಬರ್ಲಿನ್‌ನ ಒಂದು ಕಂಪನಿಯ ಆ್ಯಪ್‌ನಲ್ಲಿ ರೂಮ್ ಬುಕ್ ಮಾಡಿ ಇದ್ಲು, 2024ರ ಮಾರ್ಚ್‌ನಲ್ಲಿ ರೂಮ್ ಖಾಲಿ ಮಾಡಿ, ಡೆಪಾಸಿಟ್ ವಾಪಸ್ ತೆಗೊಂಡು ಊರಿಗೆ ಬಂದ್ಲು. ಈಗ ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ವಾಪಸ್ ಹೋಗ್ಲಿಕ್ಕುಂಟು, ಅದೇ ಆ್ಯಪಲ್ಲಿ ರೂಮ್ ಕೇಳಿದ್ರೆ ಎರಡು ಸಾಲಿನ ಮೈಲ್ ಬಂತು, ನಿಮ್ಮ ಹಿಂದಿನ ಪೇಮೆಂಟ್ ಹಿಸ್ಟರಿ ಕಾರಣ ಬುಕಿಂಗ್ ಕೊಡ್ಲಿಕ್ಕಾಗುದಿಲ್ಲ ಅಂತ. ಒಂದು ಯೂರೋ ಬಾಕಿ ಇಟ್ಟವಳಲ್ಲ.

ಅವಳ ಮೊದಲ ಯೋಚನೆ ಎಂತ ಅಂದ್ರೆ, ನನ್ನ ಎಲ್ಲಾ ಡೇಟಾ ಡಿಲೀಟ್ ಮಾಡಿ ಅಂತ ಒಂದು ಖಾರವಾದ ಮೈಲ್ ಹಾಕಿ, ಹೊಸ ಮೈಲ್ ಐಡಿಯಿಂದ ಹೊಸ ಅಕೌಂಟ್ ಮಾಡೋದು. ಮೈಲ್ ಬರೆದೂ ಆಗಿತ್ತು, "ಅಣ್ಣ ಒಮ್ಮೆ ನೋಡು, ಇಂಗ್ಲಿಷ್ ಸರಿ ಉಂಟಾ" ಅಂತ ನನಗೆ ಕಳಿಸಿದ್ಲು. ಇಂಗ್ಲಿಷ್ ಸರಿಯೇ ಇತ್ತು. ನಾನು ಕಳಿಸ್ಬೇಡ ಅಂದೆ. ನನ್ನ ಆಫೀಸ್ ಕೆಲಸವೇ ಇದು, ಗ್ರಾಹಕರು ಇಂಥ ರಿಕ್ವೆಸ್ಟ್ ಹಾಕಿದ್ರೆ ಸಿಸ್ಟಮ್‌ನಿಂದ ಡೇಟಾ ತೆಗೆದು ಕೊಡೋದು, ಅಳಿಸೋದು. ಆ ಕಡೆ ಕೂತವನಾಗಿ ಹೇಳ್ತೇನೆ, ಮೊದಲೇ ಅಳಿಸಿ ಅಂತ ಕೇಳಿದ್ರೆ ಕಂಪನಿಗೆ ಖುಷಿಯೇ, ಎಂತಕ್ಕಂದ್ರೆ ಆ ಮೇಲೆ ಏನು ತಪ್ಪಾಗಿತ್ತು ಅಂತ ತೋರಿಸ್ಲಿಕ್ಕೆ ನಿಮ್ಮ ಹತ್ರ ಏನೂ ಇರುದಿಲ್ಲ. ಅವಳು ಆ್ಯಪನ್ನು 2024ರಲ್ಲೇ ಫೋನಿಂದ ತೆಗೆದುಹಾಕಿದ್ಲು, ಚಾಟ್ ಹೋಯ್ತು ಅಂತಲೇ ಅಂದ್ಕೊಂಡಿದ್ಲು. ಫೋನಿಂದ ಆ್ಯಪ್ ತೆಗೆದ್ರೆ ಹೋಗೋದು ಆ್ಯಪ್ ಮಾತ್ರ, ಕಂಪನಿ ಸರ್ವರಲ್ಲಿದ್ದದ್ದು ಅಲ್ಲೇ ಇರ್ತದೆ.

ಮೊದಲು ಯಾವ ಕಾನೂನು ಅಂತ ನೋಡ್ಬೇಕು. ಇವಳು ಭಾರತದ ಪಾಸ್‌ಪೋರ್ಟಿನವಳು, ಈಗ ಕೂತಿರೋದು ಸುರತ್ಕಲ್‌ನಲ್ಲಿ, ಯುರೋಪಿನ ಕಾನೂನು ಇವಳಿಗೆ ಎಲ್ಲಿ ಸಿಗ್ತದೆ ಅಂತ ಚಿಕ್ಕಪ್ಪ ಕೇಳಿದ್ರು. ಸಿಗ್ತದೆ. ಜಿಡಿಪಿಆರ್ ಅಂತ ಕರೆಯೋ ಯುರೋಪಿನ ಡೇಟಾ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ, ಕಂಪನಿಯ ಆಫೀಸ್ ಯುರೋಪಲ್ಲಿದ್ದು ಅಲ್ಲಿನ ಕೆಲಸದ ಭಾಗವಾಗಿ ನಿಮ್ಮ ಡೇಟಾ ಇಟ್ಕೊಂಡಿದ್ರೆ ನೀವು ಯಾವ ದೇಶದವರು, ಈಗ ಎಲ್ಲಿದ್ದೀರಿ ಅಂತ ಅದು ಕೇಳುದಿಲ್ಲ. ಕಂಪನಿ ಬರ್ಲಿನ್‌ನದ್ದು, ಅಷ್ಟು ಸಾಕು.

ಆ ಮೇಲೆ ಕೂತು ಮಾಡಿದ್ದು, ನನ್ನ ಬಗ್ಗೆ ನಿಮ್ಮ ಹತ್ರ ಇರೋ ಡೇಟಾದ ಕಾಪಿ ಕೊಡಿ ಅನ್ನೋ ರಿಕ್ವೆಸ್ಟ್. ಇದಕ್ಕೆ ವಕೀಲರು ಬೇಡ, ಫಾರ್ಮ್ ಬೇಡ, ಕಾರಣವೂ ಹೇಳ್ಬೇಕಾಗಿಲ್ಲ, ಮೊದಲ ಕಾಪಿಗೆ ದುಡ್ಡೂ ಕೇಳ್ಲಿಕ್ಕಿಲ್ಲ. ಆದ್ರೆ "ನನ್ನ ಡೇಟಾ ಕೊಡಿ" ಅಂತ ಒಂದು ಸಾಲು ಹಾಕಿದ್ರೆ ಕಂಪನಿಯವರು ಹೆಸರು, ಮೈಲ್ ಐಡಿ, ಫೋನ್ ನಂಬರ್ ಇರೋ ಒಂದು ಹಾಳೆ ಕಳಿಸಿ ಕೈ ತೊಳ್ಕೊಳ್ತಾರೆ, ನಾನು ದಿನಾ ನೋಡೋ ಆಟ ಇದು. ಹಾಗಾಗಿ ಬಿಡಿಸಿ ಬರೆದೆವು. ಸಪೋರ್ಟ್ ಚಾಟಲ್ಲಿ ಎರಡೂ ಕಡೆಯ ಎಲ್ಲಾ ಮೆಸೇಜು, ನಾನು ಕಳಿಸಿದ ಫೋಟೋ ಮತ್ತು ಫೈಲು, ನನ್ನ ಬಗ್ಗೆ ನಿಮ್ಮ ಸಿಬ್ಬಂದಿ ಒಳಗೊಳಗೆ ಬರೆದ ನೋಟು, ನನ್ನ ಅಕೌಂಟಿಗೆ ಹಾಕಿದ ಟ್ಯಾಗು, ಲಾಗಿನ್ ದಾಖಲೆ, ಇದನ್ನೆಲ್ಲ ಯಾರಿಗೆ ಕೊಟ್ಟಿದ್ದೀರಿ ಅವರ ಹೆಸರು, ಎಷ್ಟು ಕಾಲ ಇಟ್ಕೊಳ್ತೀರಿ ಅಂತ. ಚಾಟ್ ಅಂದ್ರೆ ನಮಗೆ ಸ್ಕ್ರೀನಲ್ಲಿ ಕಾಣೋ ಮಾತು ಮಾತ್ರ ಅನಿಸ್ತದೆ. ಸಪೋರ್ಟಿನವನ ಸ್ಕ್ರೀನಲ್ಲಿ ಅದೇ ಮಾತಿನ ಮಧ್ಯೆ ಹಳದಿ ಬಣ್ಣದ ನೋಟು ಇರ್ತದೆ, ನಿಮಗೆ ಕಾಣುದಿಲ್ಲ, ಅವರ ಜೊತೆ ಕೆಲಸ ಮಾಡೋರಿಗೆ ಮಾತ್ರ ಕಾಣ್ತದೆ. ಅದೂ ನಿಮ್ಮ ಬಗ್ಗೆ ಬರೆದದ್ದೇ, ಅದೂ ನಿಮ್ಮ ಡೇಟಾವೇ. ಪರೀಕ್ಷೆ ಪೇಪರಲ್ಲಿ ಎಕ್ಸಾಮಿನರ್ ಬರೆದ ಟಿಪ್ಪಣಿ ಕೂಡ ಬರೆದ ಅಭ್ಯರ್ಥಿಯ ಡೇಟಾ ಅಂತ ಯುರೋಪಿನ ಕೋರ್ಟ್ 2017ರಲ್ಲೇ ಹೇಳಿಬಿಟ್ಟಿದೆ, ನೋವಾಕ್ ಕೇಸಲ್ಲಿ.

ಫೆಬ್ರವರಿ 2ಕ್ಕೆ ರಿಕ್ವೆಸ್ಟ್ ಹೋಯ್ತು. ಕಂಪನಿಗೆ ಉತ್ತರ ಕೊಡ್ಲಿಕ್ಕೆ ಒಂದು ತಿಂಗಳು, ತುಂಬ ಜಟಿಲ ಇದ್ರೆ ಇನ್ನೂ ಎರಡು ತಿಂಗಳು ತೆಗೊಳ್ಬಹುದು, ಆದ್ರೆ ತೆಗೊಳ್ತೇವೆ ಅಂತ ಆ ಮೊದಲ ತಿಂಗಳೊಳಗೇ ಕಾರಣ ಸಮೇತ ತಿಳಿಸ್ಬೇಕು. ಇವರು ಮೊದಲು ಕೇಳಿದ್ದು ಪಾಸ್‌ಪೋರ್ಟ್ ಸ್ಕ್ಯಾನ್, ನೀವು ನೀವೇ ಅಂತ ಖಾತ್ರಿ ಮಾಡ್ಬೇಕಂತೆ. ಬುಕಿಂಗ್ ಸಮಯದಲ್ಲಿ ಕೊಟ್ಟ ಪಾಸ್‌ಪೋರ್ಟ್ ಫೋಟೋ ಯಾಕೆ ಇನ್ನೂ ಇಟ್ಕೊಂಡಿದ್ದೀರಿ ಅಂತ ಕೇಳ್ಲಿಕ್ಕೆ ಹೋದವಳ ಹತ್ರ ಇನ್ನೊಂದು ಪಾಸ್‌ಪೋರ್ಟ್ ಫೋಟೋ, ನಗು ಬರ್ತದೆ ಮಾರಾಯ್ರೆ. ಗುರುತಿನ ಬಗ್ಗೆ ನಿಜವಾದ ಅನುಮಾನ ಇದ್ರೆ ಮಾತ್ರ ಹೆಚ್ಚಿನ ಪುರಾವೆ ಕೇಳ್ಬಹುದು. ಅವಳು ಆ್ಯಪ್ ಮತ್ತೆ ಹಾಕಿ, ಹಳೇ ಪಾಸ್‌ವರ್ಡಿಂದ ಲಾಗಿನ್ ಆಗಿ, ಅದರ ಒಳಗಿಂದಲೇ "ಮೈಲ್ ಕಳಿಸಿದ್ದು ನಾನೇ" ಅಂತ ಒಂದು ಮೆಸೇಜ್ ಹಾಕಿದ್ಲು. ಅನುಮಾನಕ್ಕೆ ಜಾಗ ಉಳೀಲಿಲ್ಲ, ಮತ್ತೆ ಸ್ಕ್ಯಾನ್ ಮಾತೇ ಬರ್ಲಿಲ್ಲ.

ಮೊದಲ ಉತ್ತರ ಬಂದದ್ದು ಒಂದು ಪಿಡಿಎಫ್. ಚೆಂದಕ್ಕೆ ಲೋಗೋ ಹಾಕಿ, ಮೆಸೇಜುಗಳನ್ನೆಲ್ಲ ಒಂದರ ಕೆಳಗೊಂದು ಇಟ್ಟಿದ್ರು. ಅವಳಿಗೆ ಎಲ್ಲ ಸಿಕ್ಕಿತು ಅನ್ನಿಸಿತು. ಅಪೂರ್ಣ ಅಂತ ಹೇಗೆ ಗೊತ್ತಾಗ್ತದೆ ಅಂದ್ರೆ, ಒಂದು, "ಸ್ಯಾಲರಿ ಸ್ಲಿಪ್ ಕಳಿಸಿದ್ದೇನೆ" ಅಂತ ಅವಳ ಮೆಸೇಜ್ ಉಂಟು, ಸ್ಲಿಪ್ ಇಲ್ಲ. ಎರಡು, ಮೆಸೇಜುಗಳ ಪಕ್ಕ ಸಣ್ಣ ಅಕ್ಷರದಲ್ಲಿ ಕ್ರಮಸಂಖ್ಯೆ ಇತ್ತು, 31 ಆದ ಮೇಲೆ ಸೀದಾ 33, ಹೀಗೆ ಅಲ್ಲಲ್ಲಿ ನಂಬರ್ ಹಾರಿದೆ. ಮೂರನೆಯದ್ದು ಮುಖ್ಯ, ರೂಮ್ ಕೊಡುದಿಲ್ಲ ಅಂದ ಮೈಲಲ್ಲಿ ಪೇಮೆಂಟ್ ಹಿಸ್ಟರಿ ಅಂತ ಇದೆ, ಈ ಪಿಡಿಎಫಲ್ಲಿ ಪೇಮೆಂಟ್ ಹಿಸ್ಟರಿ ಕೆಟ್ಟದು ಅಂತ ತೋರಿಸೋ ಒಂದು ಅಕ್ಷರ ಇಲ್ಲ. ಅಂದ್ರೆ ಆ ತೀರ್ಮಾನ ಬೇರೆ ಎಲ್ಲೋ ಕೂತಿದೆ. ಈ ಮೂರನ್ನೂ ಬರೆದು, ಕಾಪಿ ಅಂದ್ರೆ ಮೂಲಕ್ಕೆ ನಿಷ್ಠವಾದ, ಅರ್ಥವಾಗುವ ಪ್ರತಿ ಅಂತ ಯುರೋಪಿನ ಕೋರ್ಟ್ 2023ರ ಮೇಯಲ್ಲಿ ಹೇಳಿದೆ ಅನ್ನೋದನ್ನೂ ಸೇರಿಸಿ ವಾಪಸ್ ಕಳಿಸಿದೆವು.

ಎರಡನೇ ಸಲ ಒಂದು ಜಿಪ್ ಫೈಲ್ ಬಂತು, ಇದು ಸಿಸ್ಟಮ್‌ನಿಂದ ನೇರ ತೆಗೆದದ್ದು. ಪಾಸ್‌ಪೋರ್ಟ್ ಫೋಟೋ, ಸ್ಯಾಲರಿ ಸ್ಲಿಪ್, ಪ್ರತಿ ಲಾಗಿನ್‌ನ ಐಪಿ ಅಡ್ರೆಸ್, ಫೋನ್ ಮಾಡೆಲ್, ಎಲ್ಲ ಇತ್ತು. ಹಾರಿಹೋದ ನಂಬರ್ 32 ಇದು:

```
{
  "seq": 32,
  "author_type": "agent",
  "visibility": "internal",
  "created_at": "2023-07-11T09:42:00Z",
  "body": "2 Mieten offen",
  "tags_added": ["payment_risk"]
}
```

ಎರಡು ತಿಂಗಳ ಬಾಡಿಗೆ ಬಾಕಿ ಅಂತ ಬರೆದಿದ್ದಾರೆ. `internal` ಅಂದ್ರೆ ಅವಳಿಗೆ ಕಾಣದ ನೋಟು. ಕೊನೇ ಸಾಲು ನೋಡಿ, ನೋಟ್ ಬರೆದವರು ಅದರ ಜೊತೆಗೇ ಅಕೌಂಟಿಗೆ, ದುಡ್ಡಿನ ವಿಷಯದಲ್ಲಿ ಅಪಾಯ ಅನ್ನೋ ಅರ್ಥದ ಒಂದು ಟ್ಯಾಗ್ ಹಾಕಿದ್ದಾರೆ. ನೋಟನ್ನು ಯಾರೂ ಮತ್ತೆ ಓದುದಿಲ್ಲ, ಆದ್ರೆ ಟ್ಯಾಗನ್ನು ಕಂಪ್ಯೂಟರ್ ಪ್ರತಿ ಸಲ ಓದ್ತದೆ.

ಇನ್ನು ಎಂತ ಆಗಿತ್ತು ಅಂದ್ರೆ, 2023ರ ಜೂನ್ ಬಾಡಿಗೆ ಅವಳು ಜೂನ್ 2ಕ್ಕೇ ಹಾಕಿದ್ಲು, ಜುಲೈಯದ್ದು ಜುಲೈ 3ಕ್ಕೆ. ಎರಡೂ ಸಲ ಬ್ಯಾಂಕ್ ಟ್ರಾನ್ಸ್‌ಫರಲ್ಲಿ ಯಾವ ರೂಮಿನದ್ದು ಅಂತ ರೆಫರೆನ್ಸ್ ನಂಬರ್ ಹಾಕ್ಲಿಕ್ಕೆ ಬಿಟ್ಟುಹೋಗಿತ್ತು. ದುಡ್ಡು ಕಂಪನಿಗೆ ಬಂದಿದೆ, ಆದ್ರೆ ಯಾರದ್ದು ಅಂತ ಗೊತ್ತಾಗದೆ ಬದಿಯಲ್ಲಿ ಬಿದ್ದಿತ್ತು. ಜುಲೈ 11ಕ್ಕೆ ಸಪೋರ್ಟಿನವ ಲೆಡ್ಜರ್ ನೋಡಿ ಎರಡು ಬಾಕಿ ಅಂತ ಬರೆದ. ಜುಲೈ 13ಕ್ಕೆ ಅವಳು ಬ್ಯಾಂಕ್ ಸ್ಟೇಟ್‌ಮೆಂಟ್ ಚಾಟಲ್ಲೇ ಹಾಕಿದ್ಲು, ಅದೇ ದಿನ ಅವನೇ "ಸಿಕ್ಕಿತು, ಕ್ಷಮಿಸಿ, ಎಲ್ಲ ಸರಿಯಾಗಿದೆ" ಅಂತ ಉತ್ತರ ಹಾಕಿದ. ಲೆಡ್ಜರ್ ಸರಿಯಾಯ್ತು, ಟ್ಯಾಗ್ ತೆಗೆಯೋದು ಮಾತ್ರ ಮರೆತು ಹೋಯ್ತು, ಅದು ಸುಮಾರು ಎರಡೂವರೆ ವರ್ಷ ಸುಮ್ಮನೆ ಕೂತು ಈಗ ರೂಮ್ ತಪ್ಪಿಸಿತು.

ಈಗ ಅವಳ ಆ ಮೊದಲ ಮೈಲ್ ಹೋಗಿದ್ರೆ ಎಂತ ಆಗ್ತಿತ್ತು ಯೋಚಿಸಿ. ತಪ್ಪು ಅಂತ ಸಾಬೀತು ಮಾಡೋ ಜುಲೈ 13ರ ಎರಡು ಮೆಸೇಜ್ ಇರೋದು ಅದೇ ಚಾಟಲ್ಲಿ. ಚಾಟ್ ಅಳಿಸಿದ್ರೆ ಸಾಕ್ಷಿ ಹೋಯ್ತು, ಟ್ಯಾಗ್ ಇರೋದು ಬುಕಿಂಗ್ ಸಿಸ್ಟಮಿನ ಬೇರೆ ಟೇಬಲಲ್ಲಿ, ವಂಚನೆ ತಡೀಲಿಕ್ಕೆ ಬೇಕು ಅಂತ ಅದನ್ನು ಇಟ್ಕೊಳ್ತೇವೆ ಅಂತ ಕಂಪನಿ ವಾದ ಮಾಡೋ ಸಾಧ್ಯತೆ ಧಾರಾಳ ಉಂಟು. ಅಳಿಸ್ಬೇಕಾದ್ದು ಉಳಿದು, ಉಳೀಬೇಕಾದ್ದು ಅಳಿದು ಹೋಗ್ತಿತ್ತು. ಮೊದಲು ನೋಡೋದು, ಆ ಮೇಲೆ ತಿದ್ದಿಸೋದು, ಕಡೆಗೆ ಅಳಿಸೋದು. ಕಾನೂನಲ್ಲಿ ಈ ಅನುಕ್ರಮ ಎಲ್ಲೂ ಬರೆದಿಲ್ಲ, ಯಾವುದನ್ನು ಬೇಕಾದ್ರೂ ಮೊದಲು ಕೇಳ್ಬಹುದು, ಅದಕ್ಕೇ ಜನ ಎಡವೋದು.

ಯಾರಿಗೆ ಕೊಟ್ಟಿದ್ದೀರಿ ಅನ್ನೋದಕ್ಕೆ "ನಮ್ಮ ಸರ್ವಿಸ್ ಪಾರ್ಟ್‌ನರ್‌ಗಳಿಗೆ" ಅಂತ ಬರೆದಿದ್ರು. ಇದು ಸಾಲುದಿಲ್ಲ. ಯಾರು ಅಂತ ಹೇಳ್ಲಿಕ್ಕೆ ಸಾಧ್ಯ ಇದ್ದಾಗ ಹೆಸರೇ ಹೇಳ್ಬೇಕು ಅಂತ 2023ರ ಜನವರಿಯಲ್ಲಿ ಆಸ್ಟ್ರಿಯಾದ ಅಂಚೆ ಕಂಪನಿಯ ಕೇಸಲ್ಲಿ ತೀರ್ಪಾಗಿದೆ. ಒತ್ತಿ ಕೇಳಿದ ಮೇಲೆ ಎರಡು ಹೆಸರು ಬಂತು, ಚಾಟ್ ಸಾಫ್ಟ್‌ವೇರ್ ಕೊಡೋ ಕಂಪನಿ, ಮತ್ತೆ ಆ ಕಟ್ಟಡದ ಮಾಲಿಕ. ಮಾಲಿಕನಿಗೆ ಜುಲೈ ತಿಂಗಳ ಬಾಕಿದಾರರ ಪಟ್ಟಿಯಲ್ಲಿ ಇವಳ ಹೆಸರು ಹೋಗಿತ್ತಂತೆ. ನೋಟ್ ಬರೆದ ಸಿಬ್ಬಂದಿಯ ಹೆಸರು ಮಾತ್ರ ಕಪ್ಪು ಮಾಡಿ ಕೊಟ್ಟಿದ್ರು. ಅವಳಿಗೆ ಅದೇ ದೊಡ್ಡ ಸಿಟ್ಟು, "ಅವ ಯಾರೂಂತ ನಂಗೆ ಗೊತ್ತಾಗ್ಬೇಕು" ಅಂತ. ಅದು ಸಾಮಾನ್ಯವಾಗಿ ಸಿಗುದಿಲ್ಲ. ಕಂಪನಿ ಹೇಳಿದ ಕೆಲಸ ಮಾಡೋ ನೌಕರನ ಹೆಸರು ಕೊಡ್ಬೇಕಾಗಿಲ್ಲ ಅಂತ ಕೋರ್ಟ್ ಹೇಳಿದೆ, ನಿಮ್ಮ ಹಕ್ಕು ಚಲಾಯಿಸ್ಲಿಕ್ಕೆ ಆ ಹೆಸರು ಬೇಕೇ ಬೇಕು ಅನ್ನೋ ಸ್ಥಿತಿ ಇದ್ರೆ ಬೇರೆ ಮಾತು. ಇಲ್ಲಿ ಬೇಕಾಗಿರ್ಲಿಲ್ಲ, ಬಿಟ್ಟೆವು.

ತಿದ್ದುಪಡಿಯ ಕಥೆ ಸ್ವಲ್ಪ ಸೂಕ್ಷ್ಮ. ನೋಟ್ ತಪ್ಪು, ಅಳಿಸಿ ಅಂತ ಕೇಳಿದ್ದಕ್ಕೆ ಕಂಪನಿ ಹೇಳಿದ್ದು, ಜುಲೈ 11ಕ್ಕೆ ನಮ್ಮ ಲೆಡ್ಜರಲ್ಲಿ ಹಾಗೇ ಇತ್ತು, ಆ ದಿನದ ದಾಖಲೆಯಾಗಿ ಅದು ಸರಿಯೇ ಅಂತ. ನಿಜ ಹೇಳ್ಬೇಕಂದ್ರೆ ಈ ವಾದದಲ್ಲಿ ಸ್ವಲ್ಪ ಸತ್ವ ಉಂಟು. ಆದ್ರೆ ಅಪೂರ್ಣ ಡೇಟಾವನ್ನು ಪೂರ್ತಿ ಮಾಡಿಸೋದೂ ತಿದ್ದುಪಡಿ ಹಕ್ಕಿನ ಭಾಗವೇ, ಒಂದು ಹೇಳಿಕೆ ಜೋಡಿಸಿ ಅಂತ ಕೇಳ್ಬಹುದು. ಹಾಗಾಗಿ ನಾವು ಎರಡು ಕೇಳಿದೆವು. ನೋಟಿನ ಕೆಳಗೆ, ದುಡ್ಡು ಜೂನ್ 2 ಮತ್ತು ಜುಲೈ 3ಕ್ಕೆ ಬಂದಿತ್ತು, ರೆಫರೆನ್ಸ್ ಇಲ್ಲದ್ದರಿಂದ ಜಮೆ ತೋರಿಸಿರ್ಲಿಲ್ಲ, ಬಾಕಿ ಇಲ್ಲ ಅಂತ ಸೇರಿಸಿ. ಟ್ಯಾಗ್ ಮಾತ್ರ ತೆಗೀಲೇಬೇಕು, ಅದು 2023ರ ದಾಖಲೆ ಅಲ್ಲ, ಇವತ್ತು ಇವಳು ಅಪಾಯದ ಗಿರಾಕಿ ಅಂತ ಇವತ್ತು ಹೇಳ್ತಾ ಇರೋ ಮಾತು, ಅದಕ್ಕೆ ಆಧಾರ ಇಲ್ಲ. ಸರಿಯೋ ತಪ್ಪೋ ಅಂತ ನೀವು ಪರಿಶೀಲನೆ ಮಾಡುವಷ್ಟು ಸಮಯ ಆ ಟ್ಯಾಗನ್ನು ಬಳಸ್ಬೇಡಿ ಅಂತಲೂ ಬರೆದೆವು, ಇದೊಂದು ಬೇರೆಯೇ ಹಕ್ಕು, ಬಳಕೆಗೆ ತಡೆ ಹಾಕಿಸೋದು, ತುಂಬ ಜನಕ್ಕೆ ಗೊತ್ತಿಲ್ಲ. ಕಂಪನಿ ಎರಡಕ್ಕೂ ಒಪ್ಪಿತು. ತಿದ್ದಿದ ಮೇಲೆ ಮೊದಲು ಯಾರಿಗೆ ಕೊಟ್ಟಿದ್ರೋ ಅವರಿಗೂ ತಿಳಿಸ್ಬೇಕು ಅಂತ ನಿಯಮ ಉಂಟು, ಹಾಗಾಗಿ ಮಾಲಿಕನಿಗೂ ಪತ್ರ ಹೋಯ್ತು. ಮೊದಲೇ ಹೆಸರು ಕೇಳಿ ಇಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು.

ಒಂದು ವಿಷಯದಲ್ಲಿ ಮಾತ್ರ ಅವಳಿಗೆ ಸೋಲು. ಆ ಜುಲೈಯಲ್ಲಿ ಸಿಟ್ಟಲ್ಲಿ "ಇನ್ನು ಮುಂದೆ ಒಂದು ಪೈಸೆ ಕೊಡುದಿಲ್ಲ, ಎಂತ ಮಾಡ್ತೀರಿ ಮಾಡಿ" ಅನ್ನೋ ಅರ್ಥದಲ್ಲಿ ಒಂದು ಮೆಸೇಜ್ ಹಾಕಿದ್ಲು, ಅದನ್ನೂ ತಿದ್ದಿಸು ಅಂದ್ಲು. ಆಗುದಿಲ್ಲ. ಅವಳು ಹೇಳಿದ್ದು ಹೌದು ತಾನೇ, ಹೇಳಿದ್ದನ್ನು ಹೇಳಿದ ಹಾಗೇ ಇಟ್ಟಿದ್ದಾರೆ, ಅಂದ್ರೆ ದಾಖಲೆ ಸರಿಯಾಗಿಯೇ ಉಂಟು. ನೋವಾಕ್ ಕೇಸಲ್ಲೂ ಕೋರ್ಟ್ ಇದನ್ನೇ ಹೇಳಿದ್ದು, ಡೇಟಾ ನಿನ್ನದು ಅಂತ ಪರೀಕ್ಷೆ ಮುಗಿದ ಮೇಲೆ ಉತ್ತರ ತಿದ್ದೋ ಹಕ್ಕು ಬರುದಿಲ್ಲ. ಅವಳು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ ನನ್ನತ್ರ.

ಕಡೆಗೆ ಅಳಿಸೋದು. ತಿದ್ದುಪಡಿಯ ಖಾತ್ರಿ ಪತ್ರ ಕೈಗೆ ಬಂದ ಮೇಲೆ, ಜಿಪ್ ಫೈಲಿನ ಒಂದು ಪ್ರತಿ ಪೆನ್‌ಡ್ರೈವಲ್ಲಿ ಹಾಕಿಟ್ಟು, ಆ ಮೇಲೆ ಕೇಳಿದ್ದು. ಇಲ್ಲೂ "ಎಲ್ಲಾ" ಅಂತ ಬರೀಲಿಲ್ಲ, ಒಂದೊಂದರ ಹೆಸರು ಹಿಡಿದು ಬರೆದೆವು. ಪಾಸ್‌ಪೋರ್ಟ್ ಫೋಟೋ ಮತ್ತು ಸ್ಯಾಲರಿ ಸ್ಲಿಪ್ ಹೋಯ್ತು, ಬುಕಿಂಗ್ ಸಮಯದಲ್ಲಿ ನೋಡ್ಲಿಕ್ಕೆ ಬೇಕಿತ್ತು, ರೂಮ್ ಬಿಟ್ಟ ಮೇಲೆ ಇಟ್ಕೊಳ್ಳೋ ಕಾರಣವೇ ಇಲ್ಲ. ಹಳೇ ಲಾಗಿನ್ ದಾಖಲೆ, ವೈಫೈ ಪಾಸ್‌ವರ್ಡ್ ಕೇಳಿದ್ದು, ಹೀಟರ್ ಬಿಸಿ ಆಗುದಿಲ್ಲ ಅಂದದ್ದು, ಇಂಥ ಮಾತುಕತೆಯೂ ಹೋಯ್ತು. ಉಳಿದದ್ದು ಎರಡು. ಬಾಡಿಗೆಯ ಬಿಲ್ಲುಗಳು, ಇವನ್ನು ಜರ್ಮನಿಯ ತೆರಿಗೆ ನಿಯಮದ ಪ್ರಕಾರ ಇಡಲೇಬೇಕು, ಮೊದಲು 10 ವರ್ಷ ಇತ್ತು, 2025ರಿಂದ 8 ವರ್ಷ. ಇನ್ನೊಂದು ಬಾಡಿಗೆ ಮತ್ತು ಡೆಪಾಸಿಟ್ ಬಗ್ಗೆ ನಡೆದ ಚಾಟ್. ಕೋರ್ಟಲ್ಲಿ ಹಕ್ಕು ಸಾಧಿಸ್ಲಿಕ್ಕೆ ಅಥವಾ ಎದುರಿಸ್ಲಿಕ್ಕೆ ಬೇಕಾದದ್ದನ್ನು ಇಟ್ಕೊಳ್ಬಹುದು, ಅಲ್ಲಿ ಸಾಮಾನ್ಯ ಬಾಕಿ ದಾವೆಗೆ ಅವಧಿ 3 ವರ್ಷ, ಅದನ್ನು ಲೆಕ್ಕ ಹಾಕೋದು ಆ ವರ್ಷದ ಕೊನೆಯಿಂದ. ಲೆಕ್ಕ ಮುಗಿದದ್ದು 2024ರಲ್ಲಿ, ಹಾಗಾಗಿ 2027ರ ಡಿಸೆಂಬರ್ 31ರವರೆಗೆ ಅದು ಇರ್ತದೆ, ಆ ಸಿಟ್ಟಿನ ಮೆಸೇಜ್ ಸಮೇತ. ಬ್ಯಾಕಪ್‌ನಲ್ಲಿದ್ದದ್ದು ಕೂಡಲೇ ಹೋಗುದಿಲ್ಲ, ಹಳೇ ಬ್ಯಾಕಪ್ ಮೇಲೆ ಹೊಸದು ಬರೆದಾಗ ಹೋಗ್ತದೆ, ಅದೂ ಮಾಮೂಲು. ಮತ್ತೆ ಅಳಿಸಿ ಅಂತ ನೀವು ಕೇಳಿದ ಪತ್ರವನ್ನೇ ಕಂಪನಿ ಸ್ವಲ್ಪ ಕಾಲ ಇಟ್ಕೊಳ್ತದೆ, ಅಳಿಸಿದ್ದಕ್ಕೆ ಅವರಿಗೂ ಪುರಾವೆ ಬೇಕಲ್ಲ.

ಕಂಪನಿ ಕಡೆಗೆ ದಾರಿಗೆ ಬಂದದ್ದರಿಂದ ದೂರಿನ ತನಕ ಹೋಗ್ಲಿಕ್ಕೆ ಆಗ್ಲಿಲ್ಲ. ಬರದೇ ಇದ್ದಿದ್ರೆ ಬರ್ಲಿನ್‌ನ ಡೇಟಾ ರಕ್ಷಣಾ ಪ್ರಾಧಿಕಾರಕ್ಕೆ ಆನ್‌ಲೈನಲ್ಲೇ ದೂರು ಹಾಕ್ಬಹುದಿತ್ತು, ಅದಕ್ಕೂ ಫೀಸ್ ಇಲ್ಲ, ಆದ್ರೆ ತಿಂಗಳುಗಟ್ಟಲೆ ಕಾಯ್ಲಿಕ್ಕೆ ತಯಾರಿರ್ಬೇಕು.

ಈ ಕಥೆ ಹೇಳಿದ್ರೆ ಎಲ್ಲರೂ ಕೇಳೋದು ಒಂದೇ, ಕಂಪನಿ ಬೆಂಗಳೂರಿನದ್ದಾಗಿದ್ರೆ? ನಮ್ಮಲ್ಲಿ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಆ್ಯಕ್ಟ್ 2023ರಲ್ಲಿ ಪಾಸಾಗಿದೆ, ಅದರ ರೂಲ್ಸ್ ಬಂದದ್ದು 2025ರ ನವೆಂಬರಲ್ಲಿ, ಆದ್ರೆ ನೋಡೋ, ತಿದ್ದಿಸೋ, ಅಳಿಸೋ ಹಕ್ಕಿನ ಭಾಗ ಜಾರಿಗೆ ಬರೋದು ಅಲ್ಲಿಂದ 18 ತಿಂಗಳಿಗೆ, ಅಂದ್ರೆ 2027ರ ಮೇಗೆ. ಅಲ್ಲಿ ತನಕ 2011ರ ಹಳೇ ಐಟಿ ರೂಲ್ಸ್, ಅದರಲ್ಲಿ ನೀವು ಕೊಟ್ಟ ಮಾಹಿತಿ ನೋಡಿ ತಪ್ಪಿದ್ರೆ ಸರಿ ಮಾಡಿಸ್ಬಹುದು, ಗ್ರೀವೆನ್ಸ್ ಆಫೀಸರ್ ಒಂದು ತಿಂಗಳೊಳಗೆ ನೋಡ್ಬೇಕು ಅಂತ ಉಂಟು, ಆದ್ರೆ "ನೀವು ಕೊಟ್ಟ" ಮಾಹಿತಿ ಅಂತ ಇರೋದ್ರಿಂದ ಬೇರೆಯವ ನಿಮ್ಮ ಬಗ್ಗೆ ಬರೆದ ನೋಟಿಗೆ ಅದನ್ನು ಹಿಡ್ಕೊಂಡು ಹೋಗೋದು ಕಷ್ಟ.

ಹೊಸ ಕಾಯ್ದೆ ಜಾರಿಯಾದ ಮೇಲೂ ಇವಳ ಕೇಸು ಇದೇ ದಾರಿಯಲ್ಲಿ ಹೋಗ್ತಿತ್ತು ಅಂತ ಹೇಳ್ಲಿಕ್ಕಾಗುದಿಲ್ಲ. ಅದರಲ್ಲಿ ಸಿಗೋದು ಡೇಟಾದ ಸಾರಾಂಶ, ಪೂರ್ತಿ ಕಾಪಿ ಅಂತ ಕಾಯ್ದೆ ಹೇಳುದಿಲ್ಲ. ನಂಬರ್ 32 ಸಾರಾಂಶದಲ್ಲಿ ಬರ್ತಿತ್ತಾ? "ಪಾವತಿ ಮಾಹಿತಿ, ಸಂಭಾಷಣೆ ದಾಖಲೆ" ಅಂತ ಎರಡು ಪದ ಬರೆದು ಮುಗಿಸೋ ಕಂಪನಿಗಳೇ ಜಾಸ್ತಿ ಇರ್ತವೆ ಅಂತ ನನ್ನ ಅಂದಾಜು. ಯಾರಿಗೆ ಕೊಟ್ಟಿದ್ದಾರೆ ಅವರ ಗುರುತು ಕೇಳೋ ಹಕ್ಕು ಇದರಲ್ಲಿ ಸ್ಪಷ್ಟವಾಗಿ ಉಂಟು, ತಪ್ಪು ಅಥವಾ ದಾರಿ ತಪ್ಪಿಸೋ ಡೇಟಾ ತಿದ್ದಿಸೋದು, ಅಪೂರ್ಣ ಇದ್ರೆ ಪೂರ್ತಿ ಮಾಡಿಸೋದೂ ಉಂಟು, ಆ ಟ್ಯಾಗಿಗೆ "ದಾರಿ ತಪ್ಪಿಸೋ" ಅನ್ನೋದು ಸರಿಯಾಗಿ ಕೂತ್ಕೊಳ್ತದೆ. ಆದ್ರೆ ಈ ಹಕ್ಕುಗಳೆಲ್ಲ ನಿಮ್ಮ ಒಪ್ಪಿಗೆ ಮೇಲೆ ತೆಗೊಂಡ ಡೇಟಾಕ್ಕೆ. ಅಳಿಸೋ ವಿಷಯದಲ್ಲೂ ಒಂದು ತಿರುವುಂಟು, ಸರ್ಕಾರ ಕೇಳಿದ್ರೆ ಕೊಡ್ಲಿಕ್ಕೆ ಅಂತ ಡೇಟಾ ಮತ್ತು ಲಾಗುಗಳನ್ನು ಕನಿಷ್ಠ ಒಂದು ವರ್ಷ ಇಟ್ಕೊಳ್ಬೇಕು ಅಂತ ರೂಲ್ಸ್ ಹೇಳ್ತದೆ, ಹಾಗಾಗಿ ನಿನ್ನೆಯ ಚಾಟ್ ಇವತ್ತೇ ಪೂರ್ತಿ ಹೋಗ್ಬೇಕು ಅಂದ್ರೆ ನಡೀಲಿಕ್ಕಿಲ್ಲ. ದೂರಿಗೆ ಉತ್ತರ ಕೊಡ್ಲಿಕ್ಕೆ ಕಂಪನಿಗೆ ಗರಿಷ್ಠ 90 ದಿನ, ಮೊದಲು ಅವರ ಹತ್ರವೇ ದೂರು ಹಾಕಿ ಮುಗಿಸ್ಬೇಕು, ಆ ಮೇಲೆಯೇ ಡೇಟಾ ಪ್ರೊಟೆಕ್ಷನ್ ಬೋರ್ಡ್. ಸುಳ್ಳು ದೂರು ಹಾಕಿದ್ರೆ ನಮಗೇ 10,000 ರೂಪಾಯಿ ತನಕ ದಂಡ ಬೀಳ್ಬಹುದು, ಬಳಕೆದಾರನಿಗೇ ದಂಡ ಅನ್ನೋದು ನನಗಂತೂ ಅತಿ ಅನಿಸ್ತದೆ.

ಇನ್ನೊಂದು ಪ್ರಶ್ನೆಯೂ ಬರ್ತದೆ, ಅದಕ್ಕೆ ಉತ್ತರ ಚಿಕ್ಕದು. ಫ್ರೆಂಡ್ ಫೋನಲ್ಲಿರೋ ನಿಮ್ಮ ವಾಟ್ಸ್ಆ್ಯಪ್ ಚಾಟ್ ಅಳಿಸಿ ಅಂತ ಈ ಕಾನೂನು ಹಿಡ್ಕೊಂಡು ಹೋಗ್ಲಿಕ್ಕಾಗುದಿಲ್ಲ, ಸ್ವಂತಕ್ಕೆ, ಮನೆ ಮಟ್ಟಿಗೆ ಇಟ್ಕೊಂಡದ್ದನ್ನು ಎರಡೂ ಕಾನೂನು ಹೊರಗಿಟ್ಟಿವೆ. ವಾಟ್ಸ್ಆ್ಯಪ್‌ನಿಂದ ನಿಮ್ಮ ಅಕೌಂಟ್ ರಿಪೋರ್ಟ್ ತರಿಸಿದ್ರೂ ಅದರಲ್ಲಿ ಮೆಸೇಜ್ ಇರುದಿಲ್ಲ, ಸೆಟ್ಟಿಂಗ್ಸ್, ಕಾಂಟ್ಯಾಕ್ಟ್, ಗ್ರೂಪ್ ಹೆಸರು ಇಂಥದ್ದು ಬರ್ತದೆ.

ಅವಳಿಗೆ ಟ್ಯಾಗ್ ಹೋದ ಮೇಲೆ ಬುಕಿಂಗ್ ಓಪನ್ ಆಯ್ತು, ಆದ್ರೆ ಅಷ್ಟರಲ್ಲಿ ಆಸ್ಪತ್ರೆಯವರೇ ಹಾಸ್ಟೆಲ್‌ನಲ್ಲಿ ಜಾಗ ಕೊಟ್ಟಿದ್ರು, ಬಾಡಿಗೆಯೂ ಕಡಿಮೆ, ಅಲ್ಲಿಗೇ ಹೋಗ್ತಾಳೆ.